ಗೀಟಿಲ್ಲದ ಹಸುಗಳು

ಮಾರ್ಚ್ ಕೊನೆಯ ದಿನ ಕೆಂಗೇರಿಯ ಹಾಲಿನ ಕಂಪನಿಯೊಂದರ ಕೊಟ್ಟಿಗೆಯಲ್ಲಿ ನಾನು, ಆಡಿಟರ್, ಹಸು ಎಣಿಸುತ್ತಿದ್ದೆ. ಹಾಲು ಕೊಡುವ ಹಸುವಿಗೆ ಒಂದು ಬೆಲೆ, ಬತ್ತಿದ ಹಸುವಿಗೆ ಇನ್ನೊಂದು. ಎಣಿಸಿದ್ದರ ಬೆನ್ನಿಗೆಲ್ಲ ಸೀಮೆಸುಣ್ಣದ ಗೀಟು ಎಳೆಯುತ್ತಿದ್ದೆ. ಪುಸ್ತಕದಲ್ಲಿದ್ದ ನಲವತ್ತೂ ಮುಗಿದವು. ಗೀಟಿಲ್ಲದ ಹಸುಗಳು ಇನ್ನೂ ನಿಂತೇ ಇದ್ದವು! ಕಡಿಮೆ ಬಿದ್ದರೆ ಕಳ್ಳತನ ಎನ್ನಬಹುದು, ಹೆಚ್ಚಾದರೆ ಏನೆನ್ನಲಿ?

“ಪಕ್ಕದೋರ ಹಸು ತಂದು ಕಟ್ಟಿದೀರೇನ್ರೀ?” ಎಂದು ಮ್ಯಾನೇಜರ್ ಕರಿಬಸಪ್ಪನವರ ಮೇಲೆ ರೇಗಿದೆ.

“ಇಲ್ಲ ಸಾರ್, ನಂಗೂ ತಲೆ ಓಡ್ತಿಲ್ಲ.”

ಅಷ್ಟರಲ್ಲಿ, ತೊಟ್ಟಿಯ ಬಳಿ ಹಸು ತೊಳೆಯುತ್ತಿದ್ದ ಚಿಕ್ಕಗಂಗಮ್ಮ ಅವರತ್ತ ಕೂಗಿದಳು: “ಸಾರ್, ಆಡಿಟರ್ ಬರ್ತಾರೆ ಅಂತ ಬೆಳಗಿಂದ ಒಂದೊಂದನ್ನೇ ತೊಳ್ದು ಕಟ್ತಾ ಇದೀನಿ. ಯಾವನೋ ಎಲ್ಲದರ ಬೆನ್ನಿಗೂ ಸುಣ್ಣ ಗೀಚವ್ನೆ. ಸಿಕ್ಕಿದ್ರೆ ಹಿಡ್ಕೊಡಿ!”