ಹೆಬ್ಬೆರಳ ಉಗುರಿನಷ್ಟು ಹಳದಿ

"ಎಂಟನೇ ಕ್ಲಾಸಿಗೇ ಪುಸ್ತಕ ಬಿಸಾಕಿದೋನ ಕೈಗೆ ಕ್ಯಾಮೆರಾ ಕೊಟ್ರೆ ಇನ್ನೇನಾಗತ್ತೆ? ಒಂದು ಮನೆಯವರನ್ನ ಸಾಲಾಗಿ ನಿಲ್ಲಿಸಿ ಎಣಿಸೋಕೂ ಬರಲ್ಲ ಇವನಿಗೆ!"

ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕಾದು ಕೂತಿದ್ದ ನಾಲ್ಕು ಜನ ತಲೆಯೆತ್ತಿ ನೋಡಿದರು. ಒಬ್ಬ ಕಿಸಕ್ಕನೆ ನಕ್ಕ. ಬೈದವನು ಊರಿನ ಹಳೇ ಮೇಷ್ಟ್ರ ಮಗ. ಬೈಸಿಕೊಂಡವನು ಕೆಂಡ. ಹೆತ್ತವರು ಇಟ್ಟ ಹೆಸರು ಬೇರೆಯಿತ್ತು. ಆದರೆ ಕೋಪ ಸದಾ ಮೂಗಿನ ತುದಿಯಲ್ಲೇ ಕೂತಿರುವವನನ್ನು ಆ ಹೆಸರಿನಿಂದ ಯಾರು ಕರೆಯುತ್ತಾರೆ? ಸ್ಟುಡಿಯೋ ನಡೆಸುವ ಅವನ ಸೋದರಮಾವ ಕೂಡ ಕೆಂಡ ಎಂದೇ ಕರೆಯುತ್ತಿದ್ದ.

ಆಗಿದ್ದು ಇಷ್ಟು. ಭಾನುವಾರ ಮೇಷ್ಟ್ರಿಗೆ ಎಪ್ಪತ್ತು ತುಂಬಿತು. ಮನೆಯವರೆಲ್ಲ ಸೇರಿದ್ದರು. ಹನ್ನೆರಡು ವರ್ಷದಿಂದ ಆ ಮನೆಯ ಮೆಟ್ಟಿಲು ಹತ್ತದಿದ್ದ ಮೇಷ್ಟ್ರ ತಂಗಿಯೂ ಬಂದಿದ್ದಳು. ಫೋಟೋ ತೆಗೆದವನು ಕೆಂಡ. ಸೋಮವಾರ ಮಗ ಬಂದು ಪೆನ್‌ಡ್ರೈವಿನಲ್ಲಿ ಎಲ್ಲವನ್ನೂ ತೆಗೆದುಕೊಂಡು, 'ಸರಿಯಾಗಿದೆ' ಎಂದು ಪುಸ್ತಕದಲ್ಲಿ ಸಹಿ ಹಾಕಿ ಹೋದ. ಸಹಿ ಬಿದ್ದ ಮೇಲೆ ಕ್ಯಾಮೆರಾದ ಕಾರ್ಡು ಖಾಲಿ ಮಾಡುವುದು ಸ್ಟುಡಿಯೋದ ಪದ್ಧತಿ. ಈಗ, ಗುರುವಾರ, ಮೇಷ್ಟ್ರು, ಮಗ, ತಂಗಿ ಮೂವರೂ ಬಂದಿದ್ದರು. ದೂರದ ನೆಂಟರೆಲ್ಲ ಫೋನಿನಲ್ಲೇ ನೋಡುವ ಹಾಗೆ ಒಂದು ವೆಬ್ ಪುಟ ಮಾಡಿಸಬೇಕಿತ್ತು. ಜೊತೆಗೆ ತಂಗಿಗೆ ಅಣ್ಣನ ಪಕ್ಕ ನಿಂತ ಒಂದು ಫೋಟೋ ಬೇಕಿತ್ತು. ಪೆನ್‌ಡ್ರೈವ್ ಎಲ್ಲ ಹುಡುಕಿದರೂ ಅವಳು ಇರುವ ಒಂದು ಫೋಟೋನೂ ಇಲ್ಲ.

"ನಾನು ನಿಂತಿದ್ದೆ ಕಣಪ್ಪಾ," ಎಂದಳು ಅವಳು ಸ್ಟೂಲಿನ ಮೇಲಿಂದ. "ಈ ಶಾಲನ್ನೇ ಹೊದ್ದುಕೊಂಡಿದ್ದೆ." ತೊಡೆಯ ಮೇಲೆ ಹಳದಿ ಶಾಲು ಮಡಚಿ ಇಟ್ಟುಕೊಂಡಿದ್ದಳು.

"ತೆಗ್ದಿದೀನಿ ಅಮ್ಮಾ. ಬಲಗಡೆ ಕೊನೇಲಿ ನಿಂತಿದ್ರಿ," ಎಂದ ಕೆಂಡ, ಹಲ್ಲು ಕಚ್ಚಿಕೊಂಡು.

"ತೆಗ್ದಿದ್ರೆ ಎಲ್ಲಿ ಹಾರಿಹೋಯ್ತು?" ಮಗ ಮತ್ತೆ ಗದರಿದ.

ಮಾವ ಅಳಿಯನ ಭುಜ ಒತ್ತಿದ. "ಬಾಯಿ ಬಿಡಬೇಡ. ಮೊದಲು ಪುಟ ಮಾಡು. ಎಲ್ಲಾ ಒಟ್ಟಿಗೆ ಕಂಡ್ರೆ ಗೊತ್ತಾಗತ್ತೆ."

ಕೆಂಡ ಪೆನ್‌ಡ್ರೈವ್ ಚುಚ್ಚಿ ಕೂತ. ಈ ಕೆಲಸಕ್ಕೆ ಅವನೇ ಒಂದು ಪುಟ್ಟ ಪ್ರೋಗ್ರಾಂ ಬರೆದಿಟ್ಟಿದ್ದ. ಯಾವ ಮೇಷ್ಟ್ರೂ ಹೇಳಿಕೊಟ್ಟಿದ್ದಲ್ಲ. ಮೊದಲ ಸಲ ಓಡಿಸಿದಾಗ, ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದು ತೆಗೆದ ಫೋಟೋಗಳಲ್ಲಿದ್ದವರೆಲ್ಲ ಅಡ್ಡಡ್ಡ ಮಲಗಿಬಿಟ್ಟಿದ್ದರು. ಅದನ್ನು ಸರಿಮಾಡಲು ಮೂರು ದಿನ ತಿಣುಕಿದ್ದ. ಈಗ ಅದು ಫೋಲ್ಡರಿನೊಳಗೆ ಹೊಕ್ಕು, ಫೋಟೋಗಳನ್ನು ಹೆಸರಿನ ಸರದಿಯಲ್ಲಿ ಜೋಡಿಸಿ, ಒಂದೊಂದಕ್ಕೂ ಒಂದು ಚಿಕ್ಕ ಚಿತ್ರ ಪಕ್ಕದ ಫೋಲ್ಡರಿಗೆ ಹಾಕುತ್ತದೆ. ಆಮೇಲೆ ಒಂದು ಎಚ್‌ಟಿಎಂಎಲ್ ಫೈಲು ಬರೆಯುತ್ತದೆ. ಚಿಕ್ಕ ಚಿತ್ರ ಒತ್ತಿದರೆ ದೊಡ್ಡ ಫೋಟೋ ತೆರೆಯಬೇಕು, ಅಷ್ಟೇ. ಬರೆದಾದ ಮೇಲೆ ಆ ಪುಟಕ್ಕೆ ಪ್ರೋಗ್ರಾಂನ ಹಂಗೂ ಇಲ್ಲ, ಇಂಟರ್‌ನೆಟ್‌ನ ಹಂಗೂ ಇಲ್ಲ. ಪೆನ್‌ಡ್ರೈವಿನಿಂದಲೇ ತೆರೆದುಕೊಳ್ಳುತ್ತದೆ. ಫೋಲ್ಡರ್ ಸಮೇತ ಯಾವ ಸರ್ವರಿಗೆ ಹಾಕಿದರೂ ಹಾಗೇ ಕಾಣುತ್ತದೆ.

ಸ್ಟುಡಿಯೋದ ಕಂಪ್ಯೂಟರು ಮಾತ್ರ ಮುದಿ ಎಮ್ಮೆ. ಮುನ್ನೂರು ದೊಡ್ಡ ಫೋಟೋಗಳನ್ನು ತೆರೆದು ಕುಗ್ಗಿಸು ಅಂದರೆ ಅರ್ಧ ಗಂಟೆ ಏದುಸಿರು ಬಿಡುತ್ತಿತ್ತು. ಅದಕ್ಕೇ ಕೆಂಡ ಒಂದು ಒಳದಾರಿ ಹುಡುಕಿದ್ದ. ಕ್ಯಾಮೆರಾ ಫೋಟೋ ತೆಗೆದ ಕ್ಷಣದಲ್ಲೇ ಅದೇ ಫೈಲಿನ ಹೊಟ್ಟೆಯೊಳಗೆ, ತನ್ನ ಪರದೆಯಲ್ಲಿ ತೋರಿಸಲೆಂದು, ಹೆಬ್ಬೆರಳ ಉಗುರಿನಷ್ಟು ಚಿತ್ರವೊಂದನ್ನೂ ಅಡಗಿಸಿಡುತ್ತದೆ. ಅವನ ಪ್ರೋಗ್ರಾಂ ಅದನ್ನು ಎತ್ತಿಕೊಳ್ಳುತ್ತಿತ್ತು. ಅದು ಇಲ್ಲದ ಫೈಲಿಗೆ ಮಾತ್ರ ಹೊಸದಾಗಿ ಕುಗ್ಗಿಸುತ್ತಿತ್ತು.

ಎರಡೇ ನಿಮಿಷದಲ್ಲಿ ಪುಟ ತೆರೆಯಿತು. ಸಾಲು ಸಾಲು ಮುಖಗಳು. ಕೆಂಡ ಮೆಲ್ಲಗೆ ಕೆಳಗಿಳಿಸಿದ. ನೂರ ನಲವತ್ತೊಂದರ ಪಕ್ಕ ನೂರ ನಲವತ್ತನಾಲ್ಕು. ನಡುವೆ ಎರಡು ಎಲ್ಲಿ? ಕ್ಯಾಮೆರಾ ಸಂಖ್ಯೆ ಹಾರಿಸುವುದಿಲ್ಲ. ಮುಂದೆ ಇನ್ನೆರಡು ಕಡೆ ಹೀಗೇ ಹಲ್ಲು ಬಿದ್ದಿತ್ತು. ಅವನ ಸಿಟ್ಟು ಅರೆಗಳಿಗೆ ಪಕ್ಕಕ್ಕೆ ಸರಿಯಿತು. ತಲೆಗೆ ಹುಳ ಹೊಕ್ಕಿತು.

ಮತ್ತೆ ಮೇಲಕ್ಕೆ ಹೋಗುತ್ತಾ ನೂರ ನಲವತ್ತೇಳರ ಹತ್ತಿರ ಬಂದಾಗ ಕೈ ನಿಂತಿತು. ಇಡೀ ಮನೆಯ ಗುಂಪು ಫೋಟೋ. ಚಿಕ್ಕ ಚಿತ್ರದ ಬಲ ಅಂಚಿನಲ್ಲಿ ಒಂದು ಚುಕ್ಕೆ ಹಳದಿ.

ಅದನ್ನು ಒತ್ತಿದ. ದೊಡ್ಡ ಫೋಟೋ ತೆರೆಯಿತು. ಹಳದಿ ಇಲ್ಲ. ಮೇಷ್ಟ್ರು ಬಲಗಡೆ ತಿರುಗಿ ಬಾಯ್ತುಂಬ ನಗುತ್ತಿದ್ದಾರೆ. ಯಾರನ್ನು ನೋಡಿ? ಆ ಕಡೆ ಯಾರೂ ಇಲ್ಲ. ಫೋಟೋ ಅಲ್ಲಿಗೇ ಮುಗಿದಿದೆ.

ಹಿಂದೆ ಹೋದ. ಹಳದಿ ಇದೆ. ಮುಂದೆ ಬಂದ. ಇಲ್ಲ.

"ಏನೋ ಅದು, ಕಣ್ಣುಮುಚ್ಚಾಲೆ?" ಎಂದ ಮಾವ.

"ಇರು ಮಾವ, ಇರು." ಕೆಂಡ ಕುರ್ಚಿಯ ತುದಿಗೆ ಬಂದಿದ್ದ. ಅಳತೆ ನೋಡಿದ. ಅವನ ಕ್ಯಾಮೆರಾದ ಫೋಟೋ ಆರು ಸಾವಿರ ಚುಕ್ಕೆ ಅಗಲ ಇರಬೇಕು. ಇದು ಐದು ಸಾವಿರವೂ ಇಲ್ಲ. ಚಿಕ್ಕ ಚಿತ್ರ ಮಾತ್ರ ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ. ಅಂಚು ಕತ್ತರಿಸಿದ ಸಾಫ್ಟ್‌ವೇರು ದೊಡ್ಡದನ್ನು ಕತ್ತರಿಸಿತ್ತು, ಹೊಟ್ಟೆಯೊಳಗಿನ ಚಿಕ್ಕದನ್ನು ಮುಟ್ಟದೆ ಹಾಗೇ ಬಿಟ್ಟಿತ್ತು. ತೆಗೆದದ್ದು ಭಾನುವಾರ ಹನ್ನೊಂದೂ ನಲವತ್ತಕ್ಕೆ. ಫೈಲು ಬದಲಾದದ್ದು ಮಂಗಳವಾರ ಸಂಜೆ. ಸಹಿ ಬಿದ್ದ ಮಾರನೇ ದಿನ, ಪೆನ್‌ಡ್ರೈವ್ ಮೇಷ್ಟ್ರ ಮನೆಯಲ್ಲಿದ್ದಾಗ.

ಕೆಂಡ ಪರದೆಯನ್ನು ಅವರ ಕಡೆ ತಿರುಗಿಸಿದ. "ಇಲ್ನೋಡಿ ಮೇಷ್ಟ್ರೇ. ಇದು ನಾನು ತೆಗ್ದಿದ್ದು. ಒತ್ತಿದ್ರೆ ಬರತ್ತಲ್ಲ, ಅದು ಆಮೇಲೆ ಆಗಿದ್ದು. ದಿನ, ಹೊತ್ತು ಎರಡೂ ಇಲ್ಲೇ ಇದೆ."

ಮೇಷ್ಟ್ರು ಕನ್ನಡಕ ಮೇಲೆ ಮಾಡಿ ಬಗ್ಗಿದರು. ತಾವೇ ಒತ್ತಿದರು. ಹಿಂದೆ ಬಂದು ಮತ್ತೆ ಒತ್ತಿದರು. ಮಗ ಗೋಡೆಯ ಮೇಲೆ ಅಂಟಿಸಿದ್ದ ಪಾಸ್‌ಪೋರ್ಟ್ ಅಳತೆಗಳ ಪಟ್ಟಿಯನ್ನು ಜೀವನದಲ್ಲಿ ಮೊದಲ ಸಲ ಕಂಡವನಂತೆ ಓದತೊಡಗಿದ.

"ಇದ್ದೀನಲ್ಲ ಅಣ್ಣಾ," ಎಂದಳು ತಂಗಿ. ದನಿ ಸಣ್ಣಗಿತ್ತು. "ನಾನು ಇದ್ದೀನಿ. ಇದನ್ನೇ ದೊಡ್ಡದು ಮಾಡಕ್ಕೆ ಆಗಲ್ವೇನಪ್ಪಾ?"

"ಆಗಲ್ಲ ಅಮ್ಮಾ. ನೂರ ಅರವತ್ತೇ ಚುಕ್ಕೆ ಅಗಲ. ಹಿಗ್ಗಿಸಿದ್ರೆ ಬರೀ ಚೌಕ ಚೌಕ ಕಾಣತ್ತೆ. ಇಷ್ಟೇ ಉಳಿದಿರೋದು."

"ಇಷ್ಟೇ ಕೊಡು."

ಕೆಂಡ ಅಷ್ಟನ್ನೇ ಅಚ್ಚು ಹಾಕಿದ. ಹೊಳಪು ಕಾಗದದ ನಡುವೆ ಅರ್ಧ ಇಂಚಿನ ಫೋಟೋ. ಮೇಲೆ ಕೆಳಗೆ ಕ್ಯಾಮೆರಾ ತಾನೇ ಹಾಕಿದ್ದ ಕಪ್ಪು ಪಟ್ಟಿ. ಅದನ್ನೂ ಅವನು ಕತ್ತರಿಸಲಿಲ್ಲ. ಈ ಫೋಟೋಗೆ ಬಿದ್ದ ಕತ್ತರಿ ಸಾಕು ಅನ್ನಿಸಿತು. ಅವಳು ಅಂಗೈ ಮೇಲಿಟ್ಟುಕೊಂಡು ಕಣ್ಣ ಹತ್ತಿರ ತಂದಳು. ಅಣ್ಣ ನಗುತ್ತಿದ್ದದ್ದು ತನ್ನನ್ನು ನೋಡಿಯೇ ಎಂಬುದು ಅಷ್ಟರಲ್ಲೂ ತಿಳಿಯುತ್ತಿತ್ತು.

ಮೇಷ್ಟ್ರು ನೆಟ್ಟಗೆ ನಿಂತರು. ನಲವತ್ತು ವರ್ಷ ತರಗತಿಯಲ್ಲಿ ಗದರಿದ ದನಿಯಲ್ಲೇ ಕೇಳಿದರು. "ಇದನ್ನ ಕತ್ತರಿಸಿದ್ದು ಯಾರಪ್ಪಾ? ಇಷ್ಟೆಲ್ಲ ಕಂಡುಹಿಡಿದೋನಿಗೆ ಅದೂ ಗೊತ್ತಿರತ್ತೆ. ಎಲ್ಲರ ಮುಂದೆ ಹೇಳು."

ಕಾದು ಕೂತ ನಾಲ್ವರೂ ಕೆಂಡನ ಕಡೆ ತಿರುಗಿದರು. ಮಗನ ಕಿವಿ ಕೆಂಪಾಗಿತ್ತು. ಆಗಿನಿಂದ ಕೆಂಡನ ಬಾಯಲ್ಲಿ ಮಾತುಗಳು ಸಾಲುಗಟ್ಟಿ ನಿಂತಿದ್ದವು, ಒಂದಕ್ಕಿಂತ ಒಂದು ಬಿಸಿ. ಎಂಟನೇ ಕ್ಲಾಸಿನ ಮಾತಿಗೆ ಬಡ್ಡಿ ಸಮೇತ ತಿರುಗಿಸುವಂಥವು.

ಅವನು ಪರದೆ ನೋಡಿದ. ಮಂಗಳವಾರ ಸಂಜೆ, ಏಳೂ ಹತ್ತು. ಓದು ಬಂದವರಿಗೆ ಅಷ್ಟು ಸಾಲದೆ? ಮೇಷ್ಟ್ರ ತಂಗಿಯ ಅಂಗೈ ನೋಡಿದ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಮೊಳೆಗೆ ನೇತುಹಾಕಿದ್ದ ಕ್ಯಾಮೆರಾ ಚೀಲ ತೆಗೆದು ಹೆಗಲಿಗೇರಿಸಿದ.

"ನಿನ್ನನ್ನೇ ಕೇಳ್ತಿರೋದು!" ಎಂದರು ಮೇಷ್ಟ್ರು.

ಕೆಂಡ ಗಾಜಿನ ಬಾಗಿಲು ದೂಡಿ, ಬೀದಿಗಿಳಿದು, ಬಿಸಿಲಲ್ಲಿ ನಡೆದುಹೋದ.