ಅತ್ತೆಯ ಉಣ್ಣೆಯ ಟೊಪ್ಪಿ

ಸುಧಾಕರ, ಜಲಜಾಕ್ಷಿ ಮಗುವಿನೊಂದಿಗೆ ಕರಾವಳಿಯ ಮಡಂತ್ಯಾರಿನಿಂದ ಇಂಗ್ಲೆಂಡಿಗೆ ಬಂದು ಮೂರು ವಾರವಾಗಿತ್ತು. ಉರಿಯುವ ಅಗ್ಗಿಷ್ಟಿಕೆಯ ಮುಂದೆ, ಟೊಪ್ಪಿ ಕೋಟುಗಳೊಳಗೆ ಮಗು ಮುಖ ಕೆಂಪಾಗಿಸಿಕೊಂಡು ಅಳುತ್ತಿತ್ತು.

“ಕೈ ತಣ್ಣಗುಂಟು, ಇನ್ನೊಂದು ಸ್ವೆಟರ್ ಹಾಕುವ,” ಎಂದ ಸುಧಾಕರ. “ಇಲ್ಲಿ ಆಟಿ ತಿಂಗಳ ಮಳೆಗೇ ನಾವು ಮಕ್ಕಳ ಟೊಪ್ಪಿ ತೆಗೆಯುವುದಿಲ್ಲ, ಅಲ್ಲಂತೂ ತೆಗೆಯಲೇಬೇಡಿ ಅಂತ ಅಮ್ಮ ಬರೆದಿದ್ದಾರೆ.”

ಜಲಜಾಕ್ಷಿ ಮಗುವಿನ ಕತ್ತಿನ ಹಿಂದೆ ಬೆರಳಿಟ್ಟಳು. ಬೆವರು!

“ಕೈಯಲ್ಲ, ಇಲ್ಲಿ ಮುಟ್ಟಿ ನೋಡಿ. ಆಟಿಯಲ್ಲಿ ಅತ್ತೆ ಕೋಣೆಯೊಳಗೆ ಬೆಂಕಿ ಹಾಕ್ತಿದ್ದರಾ?”

ಅತ್ತೆ ಹೆಣೆದುಕೊಟ್ಟ ಉಣ್ಣೆಯ ಟೊಪ್ಪಿ, ಕೋಟು, ಎರಡು ಸ್ವೆಟರ್ ಕಿತ್ತೆಸೆದಳು. ಒದ್ದೆ ಅಂಗಿ ಬದಲಿಸಿ, ಮೇಲೊಂದು ತೆಳು ಸ್ವೆಟರ್ ಮಾತ್ರ ತೊಡಿಸಿದಳು.

“ಹೊರಗೆ ಹೋಗುವಾಗ ಎಲ್ಲ ಹಾಕ್ತೇನೆ, ಒಳಗೆ ಬಂದ ಕೂಡಲೇ ತೆಗೀತೇನೆ.”

ಮಗುವಿನ ಅಳು ನಿಂತಿತು.

“ಅಮ್ಮನಿಗೇನು ಬರೆಯಲಿ?”

ಅವಳು ಗಂಡನ ಓವರ್‌ಕೋಟು, ಮಫ್ಲರು, ಕಂಬಳಿ ತಂದು ಅವನಿಗೇ ಹೊದಿಸಿ, ಬೆಂಕಿಯ ಮುಂದೆ ಕೂರಿಸಿದಳು.

“ಅರ್ಧ ಗಂಟೆ ಹೀಗೇ ಕೂತು, ಆಮೇಲೆ ಬರೆಯಿರಿ.”