ನಲವತ್ತೆಂಟನೇ ನಂಬರಿನ ಬಿಲ್ಲು

ಅಕ್ಕ ತೀರಿಕೊಂಡ ಮೇಲೆ ಮುದ್ರಣಾಲಯಕ್ಕೆ ಪುಸ್ತಕದ ಪುಟ ವಿನ್ಯಾಸ ಮಾಡಿಕೊಡುವ ಅವಳ ಕೆಲಸ ನನಗೆ ಬಂತು. ಅವಳದೇ ಮೇಜು, ಅವಳದೇ ಕಂಪ್ಯೂಟರ್. ಅವಳ ಕೊನೆಯ ಬಿಲ್ಲನ್ನೇ ತಿದ್ದಿ ನನ್ನ ಮೊದಲ ಬಿಲ್ಲನ್ನು ಕಳಿಸಿದೆ. ಬಾಡಿಗೆಗೆ ಆ ಹಣವೇ ಗತಿ.

ಮುದ್ರಣಾಲಯದ ಲೆಕ್ಕಿಗರು ಫೋನ್ ಮಾಡಿದರು.

“ಏನಮ್ಮಾ, ಮೇಲೆ ನಿನ್ನ ಹೆಸರು, ಕೆಳಗೆ ಅಕ್ಕನ ಖಾತೆ. ಮುಚ್ಚಿದ ಖಾತೆಗೆ ಹಾಕಿದ್ರೆ ದುಡ್ಡು ವಾಪಸ್ ಬರುತ್ತೆ. ಮೊದಲ ಬಿಲ್ಲಿಗೇ ನಲವತ್ತೆಂಟನೇ ನಂಬರಾ?”

“ಅವಳದು ನಲವತ್ತೇಳಕ್ಕೆ ನಿಂತಿತ್ತು ಸಾರ್.”

“ಅದು ಅವಳ ಲೆಕ್ಕ. ನೀನು ಒಂದರಿಂದ ಶುರು ಮಾಡು.”

ಹೊಸದಾಗಿ ಬರೆದೆ. ನಂಬರ್ ಒಂದು, ತಾರೀಖು, ಕೆಲಸ, ಮೊತ್ತ. ‘ಬಿಲ್ಲಿನ ದಿನದಿಂದ ಹದಿನೈದು ದಿನದೊಳಗೆ ಪಾವತಿಸಬೇಕು. ತಡವಾದರೆ, ಮೊದಲೇ ಒಪ್ಪಿದಂತೆ, ಬಾಕಿ ಮೊತ್ತಕ್ಕೆ ತಿಂಗಳಿಗೆ ಶೇಕಡಾ ಒಂದು ಶುಲ್ಕ.’ ಕೊನೆಗೆ ನನ್ನ ಹೆಸರು, ಖಾತೆ ಸಂಖ್ಯೆ, ಬ್ಯಾಂಕಿನ ಶಾಖೆ, ಅದರ ಕೋಡ್. ಅಂಕಿಗಳನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡುವಾಗ ಪಕ್ಕದ ಖಾಲಿ ಕುರ್ಚಿ ಕಿರ್ರೆಂದಂತಾಯಿತು. ನಾನು ತಿರುಗಲಿಲ್ಲ.

ಲೆಕ್ಕಿಗರು ಮತ್ತೆ ಫೋನ್ ಮಾಡಿದರು. “ಎಲ್ಲ ಸರಿಯಿದೆ. ಆದ್ರೆ ಫೈಲಿನ ವಿವರದಲ್ಲಿ ತಯಾರಿಸಿದವರು ಅಂತ ನಿಮ್ಮಕ್ಕನ ಹೆಸರೇ ಬರ್ತಿದೆ. ತೆಗೆದು ಕಳಿಸ್ತೀಯಾ?”

“ದುಡ್ಡಿಗೆ ಅಡ್ಡಿ ಆಗುತ್ತಾ?”

“ಇಲ್ಲಮ್ಮ.”

“ಹಾಗಾದ್ರೆ ಇರಲಿ ಬಿಡಿ ಸಾರ್. ಪಕ್ಕದಲ್ಲೇ ಇದ್ದಳು.”